ಕಾಲು ಮುಳುಗಿದರೆ ತಲೆ ತಗ್ಗಿಸಿ

ಗೋವಾದ ಮಿರಾಮಾರ್ ಕಡಲಿನಲ್ಲಿ ನಡೆಯುವ ಐರನ್‌ಮ್ಯಾನ್ 70.3 ಸ್ಪರ್ಧೆಯಲ್ಲಿ ಮೊದಲು 1.9 ಕಿಲೋಮೀಟರ್ ಈಜಬೇಕು. ಆಮೇಲೆ 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಟ್ರಯಥ್ಲಾನ್‌ಗೆ ಬರುವ ಅನೇಕರು ಓಟದಲ್ಲೋ ಸೈಕಲ್‌ನಲ್ಲೋ ಪಳಗಿದವರು. ನೀರಿಗಿಳಿದರೆ ಮಾತ್ರ ಅದೇ ಗಟ್ಟಿ ಕಾಲುಗಳು ಕೆಳಗಿಳಿದು ದೇಹವನ್ನು ಹಿಂದಕ್ಕೆ ಜಗ್ಗುತ್ತವೆ. ಚಳಿ ದೇಶಗಳಲ್ಲಿ ವೆಟ್‌ಸೂಟ್ ಕಾಲುಗಳನ್ನು ಎತ್ತಿ ಹಿಡಿಯುತ್ತದೆ. ನಮ್ಮ ಬೆಚ್ಚಗಿನ ಕಡಲಿನಲ್ಲಿ ಆ ಆಸರೆಯಿಲ್ಲ.

ಕಾಲು ಮುಳುಗಿತೆಂದರೆ ಹೆಚ್ಚಿನವರು ಇನ್ನಷ್ಟು ಜೋರಾಗಿ ಒದೆಯುತ್ತಾರೆ. ಉಸಿರು ಖಾಲಿಯಾಗುತ್ತದೆ, ಕಾಲು ಮೇಲೇಳುವುದಿಲ್ಲ. ಏಕೆಂದರೆ ಮೂಲ ಇರುವುದು ದೇಹದ ಮುಂಭಾಗದಲ್ಲಿ. ಗಾಳಿ ತುಂಬಿದ ಶ್ವಾಸಕೋಶ ಎದೆಯ ಭಾಗವನ್ನು ತೇಲಿಸುತ್ತದೆ; ದೇಹದ ಭಾರದ ಕೇಂದ್ರ ಅದಕ್ಕಿಂತ ಕೆಳಗೆ, ಹೊಕ್ಕುಳಿನ ಆಸುಪಾಸಿನಲ್ಲಿದೆ. ಹಾಗಾಗಿ ನೀರಿನ ಮೇಲೆ ಚಾಚಿಕೊಂಡ ದೇಹ ತಕ್ಕಡಿಯಂತೆ ಕಾಲಿನ ಕಡೆಗೆ ವಾಲುತ್ತದೆ. ಮುಂದೆ ನೋಡಲೆಂದು ತಲೆ ಎತ್ತಿದರಂತೂ ಸೊಂಟ ಇನ್ನೂ ಇಳಿಯುತ್ತದೆ.

ನಿಮ್ಮ ತೊಂದರೆ ಇದೇನಾ ಎಂದು ತಿಳಿಯುವುದು ಸುಲಭ. 100 ಮೀಟರ್ ಈಜಿ ಸಮಯ ಬರೆದಿಡಿ. ಸುಧಾರಿಸಿಕೊಂಡು, ತೊಡೆಗಳ ನಡುವೆ ಪುಲ್ ಬಾಯ್ ಇಟ್ಟುಕೊಂಡು ಅಷ್ಟೇ ಶ್ರಮದಲ್ಲಿ ಮತ್ತೆ 100 ಮೀಟರ್ ಈಜಿ. ಒಬ್ಬ ಮ್ಯಾರಥಾನ್ ಓಟಗಾರರಿಗೆ ಮೊದಲನೆಯದಕ್ಕೆ 2 ನಿಮಿಷ 30 ಸೆಕೆಂಡು, ಎರಡನೆಯದಕ್ಕೆ 2 ನಿಮಿಷ 12 ಸೆಕೆಂಡು ಹಿಡಿಯಿತು ಎಂದುಕೊಳ್ಳೋಣ. ಕಾಲು ಒದೆಯದೆಯೇ 18 ಸೆಕೆಂಡು ಉಳಿಯಿತು! ಕಾಲು ಮೇಲಿದ್ದರೆ ಸಾಕು, ಅದೇ ಕೈಗಳು ಇನ್ನೂ ವೇಗವಾಗಿ ಒಯ್ಯಬಲ್ಲವು ಎಂದರ್ಥ. ಇಂಥವರಿಗೆ ಮೂರು ಡ್ರಿಲ್‌ಗಳು ಸಾಕು.

ಮೊದಲನೆಯದು ಸೂಪರ್‌ಮ್ಯಾನ್. ಗೋಡೆ ಒದ್ದು, ಎರಡೂ ಕೈಗಳನ್ನು ಭುಜದಗಲಕ್ಕೆ ಮುಂದೆ ಚಾಚಿ, ಕಾಲಾಡಿಸದೆ ಜಾರಿಕೊಂಡು ಹೋಗಿ. ಕಣ್ಣು ಪೂಲಿನ ತಳದ ಕಡೆಗಿರಲಿ, ಉಸಿರನ್ನು ಮೂಗಿನಿಂದ ನಿಧಾನವಾಗಿ ಬಿಡುತ್ತಿರಿ. ಈಗ ಎದೆಯನ್ನು ತುಸು ನೀರಿಗೆ ಒತ್ತಿ. ಸೊಂಟ ಮೇಲೆ ಬಂದದ್ದು ತಿಳಿಯುತ್ತದೆ. ಒಮ್ಮೆ ಬೇಕೆಂದೇ ತಲೆ ಎತ್ತಿ ನೋಡಿ, ಹಿಮ್ಮಡಿ ತಕ್ಷಣ ಇಳಿಯುತ್ತದೆ. ಈ ವ್ಯತ್ಯಾಸ ಮೈಗೆ ಗೊತ್ತಾಗುವುದೇ ಡ್ರಿಲ್‌ನ ಉದ್ದೇಶ. ವೇಗ ಕಡಿಮೆಯಾದಂತೆ ಕೊನೆಗೆ ಕಾಲು ಇಳಿದೇ ಇಳಿಯುತ್ತದೆ, ಅದಕ್ಕೆ ಚಿಂತೆ ಬೇಡ.

ಎರಡನೆಯದು ಕಿಕ್. ಓಟಗಾರರ ಪಾದದ ಕೀಲು ಬಿಗಿ. ಬೆರಳುಗಳು ಹಿಂದಕ್ಕೆ ಚಾಚಿಕೊಳ್ಳದೆ ತಳದ ಕಡೆ ತಿರುಗಿರುತ್ತವೆ, ಪಾದವೇ ಬ್ರೇಕ್ ಆಗುತ್ತದೆ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ತೊಡೆಯೂ ನೀರಿಗೆ ಅಡ್ಡ ಬರುತ್ತದೆ. ಕಿಕ್ ಬೋರ್ಡ್ ಹಿಡಿದರೆ ತಲೆ ಮೇಲೇಳುತ್ತದೆ, ಹಾಗಾಗಿ ಸದ್ಯಕ್ಕೆ ಅದನ್ನು ಬದಿಗಿಡಿ. ಸೂಪರ್‌ಮ್ಯಾನ್ ಭಂಗಿಯಲ್ಲೇ ಸೊಂಟದಿಂದ ಶುರುವಾಗುವ ಚಿಕ್ಕ ಚಿಕ್ಕ ಒದೆತ ಸಾಕು. ಪಾದಗಳ ನಡುವಿನ ಅಂತರ ಒಂದು ಅಡಿ ದಾಟದಿರಲಿ. ಗಿಡ್ಡ ಫಿನ್ಸ್ ಹಾಕಿಕೊಂಡರೆ ಸರಿಯಾದ ಚಲನೆ ಬೇಗ ಸಿಗುತ್ತದೆ. ಮಂಡಿನೋವಿಲ್ಲದವರು ಮನೆಯಲ್ಲಿ ದಿನಾ ಒಂದೆರಡು ನಿಮಿಷ ವಜ್ರಾಸನದಲ್ಲಿ ಕುಳಿತರೆ ಪಾದದ ಕೀಲು ನಿಧಾನವಾಗಿ ಸಡಿಲವಾಗುತ್ತದೆ.

ಮೂರನೆಯದು ಹೊರಳುವಿಕೆ, ಅಂದರೆ 6-3-6 ಡ್ರಿಲ್. ಒಂದು ಕೈ ಮುಂದೆ ಚಾಚಿ, ಇನ್ನೊಂದನ್ನು ತೊಡೆಯ ಮೇಲಿಟ್ಟು, ಪಕ್ಕಕ್ಕೆ ವಾಲಿ ಆರು ಕಿಕ್ ಹೊಡೆಯಿರಿ. ಮುಖ ನೀರಿನೊಳಗಿರಲಿ. ಬಳಿಕ ಮೂರು ಸ್ಟ್ರೋಕ್ ಹಾಕಿ ಇನ್ನೊಂದು ಬದಿಗೆ ಹೊರಳಿ, ಮತ್ತೆ ಆರು ಕಿಕ್. ಭುಜ ಮತ್ತು ಸೊಂಟ ಒಟ್ಟಿಗೆ ತಿರುಗಬೇಕು. ಸಾಮಾನ್ಯ ಈಜಿನಲ್ಲಿ 30ರಿಂದ 45 ಡಿಗ್ರಿ ಹೊರಳಿದರೆ ಸಾಕು. ಪೂರ್ತಿ ಮಗ್ಗುಲಾದರೆ ತೋಲ ತಪ್ಪಿ, ಅದನ್ನು ಹಿಡಿಯಲು ಕಾಲುಗಳು ಕತ್ತರಿಯಂತೆ ಅಗಲುತ್ತವೆ. ಉಸಿರು ತೆಗೆದುಕೊಳ್ಳುವಾಗಲೇ ಇದು ಹೆಚ್ಚು ಆಗುವುದು. ಮುಂದಿನ ಕೈ ಎದುರು ಭುಜದ ಕಡೆ ಅಡ್ಡ ಹೋಗದಂತೆ, ನೀರನ್ನು ಕೆಳಕ್ಕೆ ಒತ್ತದಂತೆ ನೋಡಿಕೊಳ್ಳಿ. ಉಸಿರಾಡುವಾಗ ಒಂದು ಕಣ್ಣಿನ ಗಾಗಲ್ ನೀರಿನೊಳಗೇ ಇದ್ದರೆ ತಲೆ ಎದ್ದಿಲ್ಲ ಎಂದು ಖಾತ್ರಿ.

ಪ್ರತಿ ಡ್ರಿಲ್ 25 ಮೀಟರ್ ಮಾಡಿದ ಕೂಡಲೇ 25 ಮೀಟರ್ ಮಾಮೂಲಿ ಫ್ರೀಸ್ಟೈಲ್ ಈಜಬೇಕು. ಡ್ರಿಲ್‌ನಲ್ಲಿ ಸಿಕ್ಕಿದ್ದು ಈಜಿಗೆ ಇಳಿಯುವುದು ಹಾಗೆಯೇ. ಒಮ್ಮೆಗೆ ಒಟ್ಟು 400 ಮೀಟರ್ ಇದಕ್ಕಿಟ್ಟರೆ ಸಾಕು. ಪುಲ್ ಬಾಯ್ ಪರೀಕ್ಷೆಗೆ ಮಾತ್ರ ಇರಲಿ. ಯಾವಾಗಲೂ ಅದನ್ನೇ ಹಾಕಿಕೊಂಡರೆ ದೇಹ ತಾನಾಗಿ ತೋಲ ಹಿಡಿಯುವುದನ್ನು ಕಲಿಯುವುದಿಲ್ಲ. ತಿಂಗಳಿಗೊಮ್ಮೆ ಎರಡೂ ಸಮಯ ಹೋಲಿಸಿ. ಓಟಗಾರರ ಆ 18 ಸೆಕೆಂಡು ಐದಾರಕ್ಕೆ ಇಳಿದರೆ ಕಾಲಿನ ಕೆಲಸ ಬಹುಪಾಲು ಮುಗಿದಂತೆ. ಆಮೇಲೆ ಗಮನ ಕೊಡಬೇಕಾದ್ದು ಕೈಗಳಿಗೆ.