ಅಪ್‌ಡೇಟ್ ಅರ್ಧಕ್ಕೆ ನಿಂತರೆ ಇಯರ್‌ಬಡ್ ಸತ್ತಿತೇ?

ಹೊಸ ಫರ್ಮ್‌ವೇರ್ ಬಂದಿದೆ ಎಂದು ಆ್ಯಪ್ ಹೇಳುತ್ತದೆ, ನೀವು ಒತ್ತುತ್ತೀರಿ. ಪಟ್ಟಿ ನಿಧಾನವಾಗಿ ತುಂಬುತ್ತಾ 62 ಪರ್ಸೆಂಟಿಗೆ ಬಂದಾಗ ಯಾರದೋ ಕರೆ ಬರುತ್ತದೆ, ಇಲ್ಲವೇ ಫೋನಿನ ಬ್ಯಾಟರಿ ಸೇವರ್ ಹಿಂದಿನಿಂದ ಆ್ಯಪನ್ನು ಮುಚ್ಚಿಬಿಡುತ್ತದೆ. ಮತ್ತೆ ತೆರೆದು ನೋಡಿದರೆ ಎಡಗಡೆಯ ಬಡ್ ಹಾಡುತ್ತಿದೆ, ಬಲಗಡೆಯದು ಉಸಿರೇ ಬಿಡುತ್ತಿಲ್ಲ. ದೀಪವಿಲ್ಲ, ಮುಟ್ಟಿದರೆ ಸದ್ದಿಲ್ಲ, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರೂ ಇಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ: ಕಂಡಕಂಡ ಬಟನ್ ಒತ್ತಿ ರೀಸೆಟ್ ಮಾಡುವುದು. ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಯಾಕೆ ಎಂದು ತಿಳಿಯಬೇಕಾದರೆ ಬೆರಳ ತುದಿಯಷ್ಟಿರುವ ಆ ವಸ್ತುವಿನ ಒಳಗೆ ಏನು ನಡೆಯುತ್ತಿತ್ತು ಎಂದು ನೋಡಬೇಕು.

ಎರಡೂ ಬಡ್‌ಗಳಲ್ಲಿ ಪ್ರತ್ಯೇಕವಾಗಿ ಒಂದೊಂದು ಪೂರ್ತಿ ಕಂಪ್ಯೂಟರ್ ಇದೆ. ಬ್ಲೂಟೂತ್ ಚಿಪ್, ಅದಕ್ಕೊಂದು ಪುಟ್ಟ ಬ್ಯಾಟರಿ, ಕೆಲವು ಮೆಗಾಬೈಟ್‌ಗಳ ಫ್ಲ್ಯಾಶ್ ಮೆಮೊರಿ. ಫರ್ಮ್‌ವೇರ್ ಇರುವುದು ಈ ಫ್ಲ್ಯಾಶ್‌ನಲ್ಲಿ. ಇದರಲ್ಲಿ ಬರೆದದ್ದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಮೊದಲು ಒಂದು ತುಂಡನ್ನು, ಸಾಮಾನ್ಯವಾಗಿ 4 ಕಿಲೋಬೈಟ್‌ನಷ್ಟನ್ನು, ಪೂರ್ತಿ ಅಳಿಸಿ ಆಮೇಲೆ ಹೊಸದನ್ನು ಬರೆಯಬೇಕು. ಹಾಗಾಗಿ ಅಳಿಸಿ ಬರೆಯುವ ನಡುವೆ ಕರೆಂಟು ಹೋದರೆ ಅಲ್ಲಿ ಹಳೆಯದೂ ಇರುವುದಿಲ್ಲ, ಹೊಸದೂ ಇರುವುದಿಲ್ಲ.

ಆದರೆ ಒಳ್ಳೆಯ ವಿನ್ಯಾಸದ ಬಡ್‌ನಲ್ಲಿ ಹಳೆಯ ಫರ್ಮ್‌ವೇರನ್ನು ಆಗಲೇ ಮುಟ್ಟುವುದಿಲ್ಲ. ಹಳೆ ಮನೆಯಲ್ಲಿ ವಾಸವಿದ್ದುಕೊಂಡೇ ಪಕ್ಕದ ಸೈಟಿನಲ್ಲಿ ಹೊಸ ಮನೆ ಕಟ್ಟಿಸಿದ ಹಾಗೆ, ಫೋನಿನಿಂದ ಬಂದ ಕಡತ ಫ್ಲ್ಯಾಶ್‌ನ ಇನ್ನೊಂದು ಭಾಗದಲ್ಲಿ ಶೇಖರವಾಗುತ್ತದೆ. ಪೂರ್ತಿ ಬಂದ ಮೇಲೆ ಲೆಕ್ಕ ಸರಿಯಿದೆಯೇ, ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ತಾಳೆ ನೋಡಿ, ಆಮೇಲೆ ಮಾತ್ರ ಬಡ್ ಒಮ್ಮೆ ಆಫ್ ಆಗಿ ಹೊಸದರಿಂದ ಶುರುವಾಗುತ್ತದೆ. ಇಂಥ ಬಡ್‌ನಲ್ಲಿ 62 ಪರ್ಸೆಂಟಿಗೆ ಸಂಪರ್ಕ ತಪ್ಪಿದರೆ ನಷ್ಟವೇನೂ ಇಲ್ಲ. ಹಳೆಯದು ಹಾಗೇ ಇದೆ. ಅಪಾಯ ಇರುವುದು ಪಟ್ಟಿ 100ಕ್ಕೆ ಮುಟ್ಟಿದ ಮೇಲಿನ ಒಂದೆರಡು ನಿಮಿಷದಲ್ಲಿ. ಬಡ್ ತಾನೇ ಆಫ್ ಆಗಿ ಆನ್ ಆಗುವ ಆ ಹೊತ್ತಿನಲ್ಲಿ, ಮುಗಿಯಿತು ಎಂದುಕೊಂಡು ನಾವು ಡಬ್ಬಿಯಿಂದ ಕಿತ್ತು ತೆಗೆಯುತ್ತೇವೆ. ಅಗ್ಗದ ಬಡ್‌ಗಳಲ್ಲಿ ಫ್ಲ್ಯಾಶ್ ಚಿಕ್ಕದು. ಎರಡು ಪ್ರತಿಗೆ ಜಾಗ ಸಾಲದೆ ಹಳೆಯದರ ಮೇಲೆಯೇ ಬರೆಯುವಂಥವೂ ಇವೆ. ಅಲ್ಲಿ 62 ಎಂದರೆ ನಿಜಕ್ಕೂ ಆತಂಕ.

ನಮ್ಮ ಉದಾಹರಣೆಯಲ್ಲಿ ಇನ್ನೊಂದು ಲೆಕ್ಕವಿದೆ. ಕೆಲವು ಆ್ಯಪ್‌ಗಳು ಒಂದು ಬಡ್ ಮುಗಿಸಿ ಇನ್ನೊಂದಕ್ಕೆ ಹೋಗುತ್ತವೆ, ಆದರೆ ತೋರಿಸುವುದು ಒಂದೇ ಪಟ್ಟಿ. ಆಗ 50 ಎಂದರೆ ಮೊದಲನೆಯದು ಪೂರ್ತಿ, 62 ಎಂದರೆ ಎರಡನೆಯದರ ಸುಮಾರು ಕಾಲು ಭಾಗ. ಎಡಗಡೆಯದು ಹೊಸ ಆವೃತ್ತಿಗೆ ಹೋಗಿ, ಬಲಗಡೆಯದು ಹಳೆಯದರಲ್ಲೇ ಉಳಿದಿದ್ದರೆ ಇಬ್ಬರ ನಡುವೆ ಮಾತುಕತೆ ನಿಂತುಹೋಗಬಹುದು. ಹೆಚ್ಚಿನ ಜೋಡಿಗಳಲ್ಲಿ ಒಂದು ಬಡ್ ಮಾತ್ರ ಫೋನಿನ ಜೊತೆ ಮುಖ್ಯ ಸಂಪರ್ಕದಲ್ಲಿದ್ದು ಇನ್ನೊಂದನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ. ಜೊತೆಗಾರ ಕೂಗಿಗೆ ಓಗೊಡದಿದ್ದರೆ ಅದು ನಮಗೆ ಸತ್ತಂತೆಯೇ ಕಾಣುತ್ತದೆ. ಸತ್ತಿದೆ ಎಂದು ಎಸೆದ ಬಡ್‌ಗಳಲ್ಲಿ ಇಂಥ ಮುನಿಸಿಕೊಂಡವು ಎಷ್ಟಿವೆಯೋ!

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಎಡಗಡೆಯದನ್ನು ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಹಾಕಿ, ಬಲಗಡೆಯದನ್ನು ಮಾತ್ರ ಹೊರಗಿಟ್ಟುಕೊಂಡು ಫೋನಿನ ಬ್ಲೂಟೂತ್ ಪಟ್ಟಿ ನೋಡಿ. ಹೆಸರು ಕಂಡರೆ, ಅದು ವಿಚಿತ್ರ ಹೆಸರೇ ಆಗಿರಲಿ, ಒಳಗೆ ಪ್ರೋಗ್ರಾಮ್ ಓಡುತ್ತಿದೆ ಎಂದೇ ಅರ್ಥ. ಕಾಣದಿದ್ದರೂ ತೀರ್ಪು ಕೊಡಬೇಡಿ. ಕೆಲವು ಬಡ್‌ಗಳು ಅಪ್‌ಡೇಟ್ ಕೆಟ್ಟಾಗ ಬ್ಲೂಟೂತ್‌ನ ಲೋ ಎನರ್ಜಿ ವಿಧಾನದಲ್ಲಿ ಮಾತ್ರ ತಮ್ಮ ಇರವನ್ನು ಸಾರುತ್ತಿರುತ್ತವೆ, ಅದು ಫೋನಿನ ಮಾಮೂಲಿ ಪಟ್ಟಿಗೆ ಬರದೇ ಇರಬಹುದು. ನಾರ್ಡಿಕ್ ಕಂಪನಿಯ nRF Connect ಎಂಬ ಉಚಿತ ಆ್ಯಪ್ ಅಂಥವನ್ನೂ ತೋರಿಸುತ್ತದೆ. ಬಡ್ಡನ್ನು ಫೋನಿಗೆ ಅಂಟಿಸಿ ಹಿಡಿದಾಗ ಸಿಗ್ನಲ್ ಬಲವಾಗಿ, ಇನ್ನೊಂದು ಕೋಣೆಗೆ ಒಯ್ದಾಗ ಕುಂದುವ ಹೆಸರು ಯಾವುದೋ ಅದೇ ನಿಮ್ಮದು.

ಏನೂ ಕಾಣಲಿಲ್ಲ ಎಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ ಬರಬೇಕು, ಫರ್ಮ್‌ವೇರ್ ಮೇಲಲ್ಲ. ಅಪ್‌ಡೇಟ್ ಹೊತ್ತಿಗೆ ರೇಡಿಯೋ ಬಿಡುವಿಲ್ಲದೆ ಕೆಲಸ ಮಾಡಿರುತ್ತದೆ. ಅಡ್ಡಗಟ್ಟಿದ ಮೇಲೂ ಬಡ್ ಆಫ್ ಆಗದೆ ಎಚ್ಚರವಾಗಿದ್ದು ಚಾರ್ಜೆಲ್ಲ ಕಳೆದಿರಬಹುದು. ಬಡ್‌ನ ಮತ್ತು ಡಬ್ಬಿಯ ಲೋಹದ ಬಿಂದುಗಳನ್ನು ಒಣ ಹತ್ತಿಯಿಂದ ಒರೆಸಿ, ಕಿವಿಯ ಗುಗ್ಗೆ ಮೆತ್ತಿಕೊಂಡಿದ್ದರೆ ತೆಗೆಯಿರಿ. ಆಮೇಲೆ ಬಡ್ಡನ್ನು ಡಬ್ಬಿಯಲ್ಲಿಟ್ಟು, ಡಬ್ಬಿಗೆ ವೈರ್ ಹಚ್ಚಿ ಒಂದೆರಡು ಗಂಟೆ ಸುಮ್ಮನೆ ಬಿಡಿ.

ಡಬ್ಬಿಯಲ್ಲಿಡುವುದರಿಂದ ಚಾರ್ಜಿನ ಜೊತೆಗೆ ಇನ್ನೊಂದು ಲಾಭವಿದೆ. ಬಡ್‌ಗೆ ಪವರ್ ಬಟನ್ ಇಲ್ಲದಿರುವುದರಿಂದ, ಚಾರ್ಜರ್‌ನ ಕರೆಂಟು ತಗಲುವುದನ್ನೇ ಅನೇಕ ಚಿಪ್‌ಗಳಲ್ಲಿ ರೀಸ್ಟಾರ್ಟ್ ಆಗಿ ಬಳಸಿಕೊಂಡಿದ್ದಾರೆ. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಬಡ್ಸ್ ಕೈಪಿಡಿಗಳಲ್ಲಿ ಬಡ್ ಸ್ಪಂದಿಸದಿದ್ದರೆ ಎರಡನ್ನೂ ಡಬ್ಬಿಯಲ್ಲಿಟ್ಟು 7 ಸೆಕೆಂಡ್ ಕಳೆದ ಮೇಲೆ ತೆಗೆಯಲು ಹೇಳುವುದು ಇದಕ್ಕೇ. ಅದಕ್ಕೂ ಬಗ್ಗದೆ ಚಿಪ್ ಸಿಕ್ಕಿಹಾಕಿಕೊಂಡಿದ್ದರೆ ತಿರುಗಾಮುರುಗಾ ದಾರಿ ಹಿಡಿಯಬಹುದು: ಬಡ್ಡನ್ನು ಡಬ್ಬಿಯ ಹೊರಗೆ ಒಂದು ದಿನ ಬಿಟ್ಟು, ಇದ್ದಬದ್ದ ಚಾರ್ಜು ಖಾಲಿಯಾದ ಮೇಲೆ ಮತ್ತೆ ಡಬ್ಬಿಗೆ ಹಾಕುವುದು. ಬ್ಯಾಟರಿ ಬಿಚ್ಚಲಾಗದ ವಸ್ತುವಿಗೆ ಇದೇ ಬ್ಯಾಟರಿ ಬಿಚ್ಚಿ ಹಾಕಿದ ಹಾಗೆ.

ಜೀವ ಬಂತು ಎನ್ನಿ. ಈಗಲೂ ರೀಸೆಟ್ ಬೇಡ. ಅದೇ ಫೋನು, ಅದೇ ಆ್ಯಪ್‌ನಲ್ಲಿ ಅಪ್‌ಡೇಟನ್ನು ಮತ್ತೆ ಶುರುಮಾಡಿ. ಎಷ್ಟೋ ಆ್ಯಪ್‌ಗಳು ನಿಂತಲ್ಲಿಂದ ಮುಂದುವರಿಸುತ್ತವೆ, ಇಲ್ಲವೇ ಮೊದಲಿಂದ ಕಳಿಸುತ್ತವೆ. ಈ ಸಲ ಬ್ಯಾಟರಿ ಸೇವರ್ ಆಫ್ ಇರಲಿ, ಪರದೆ ಆರದಂತೆ ನೋಡಿಕೊಳ್ಳಿ, ಲ್ಯಾಪ್‌ಟಾಪಿನಂಥ ಬೇರೆ ಬ್ಲೂಟೂತ್ ಜೋಡಣೆಗಳನ್ನು ಬಿಡಿಸಿ. ಮುಚ್ಚಳದ ವಿಷಯದಲ್ಲಿ ಮಾತ್ರ ಪಕ್ಕದವರ ಮಾತು ಕೇಳಬೇಡಿ. ಅನೇಕ ಬಡ್‌ಗಳಲ್ಲಿ ಮುಚ್ಚಳ ಹಾಕಿದರೆ ಬ್ಲೂಟೂತ್ ಕಡಿಯುತ್ತದೆ. ಆಪಲ್ ಏರ್‌ಪಾಡ್ಸ್‌ನಲ್ಲಿ ತದ್ವಿರುದ್ಧ: ಡಬ್ಬಿ ಮುಚ್ಚಿ, ಚಾರ್ಜಿಗೆ ಹಾಕಿ, ವೈಫೈ ಇರುವ ಐಫೋನಿನ ಹತ್ತಿರ ಕನಿಷ್ಠ 30 ನಿಮಿಷ ಬಿಡಬೇಕು. ಅಲ್ಲಿ ಅಪ್‌ಡೇಟ್ ಬಟನ್ನೇ ಇಲ್ಲ.

ರೀಸೆಟ್ ಕೊನೆಗೆ ಯಾಕೆ ಎಂಬುದು ಈಗ ಸರಳ. ಫ್ಯಾಕ್ಟರಿ ರೀಸೆಟ್ ಎಂದರೆ ಅಂಗಡಿಯಿಂದ ತಂದ ದಿನದ ಫರ್ಮ್‌ವೇರ್ ವಾಪಸ್ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅಳಿಯುವುದು ಜೋಡಿಸಿದ ಫೋನುಗಳ ಪಟ್ಟಿ ಮತ್ತು ನಿಮ್ಮ ಸೆಟ್ಟಿಂಗ್ ಮಾತ್ರ; ಕೆಟ್ಟ ಫರ್ಮ್‌ವೇರ್ ಕೆಟ್ಟದ್ದಾಗಿಯೇ ಉಳಿಯುತ್ತದೆ. ಜೊತೆಗೆ ಕೆಲವು ಜೋಡಿಗಳಲ್ಲಿ ಎಡಬಲದ ಪರಸ್ಪರ ಗುರುತೂ ಅಳಿಯುತ್ತದೆ. ಒಂದು ಮಾತಾಡದ ಸ್ಥಿತಿಯಲ್ಲಿರುವಾಗ ಇನ್ನೊಂದನ್ನು ರೀಸೆಟ್ ಮಾಡಿದರೆ ಇದ್ದ ಒಂದು ಎಳೆಯನ್ನೂ ಕತ್ತರಿಸಿದಂತೆ. ಎರಡೂ ಎಚ್ಚರವಾಗಿ, ಆದರೆ ಒಂದನ್ನೊಂದು ಗುರುತಿಸದೆ ಇದ್ದಾಗ ಮಾತ್ರ ರೀಸೆಟ್‌ಗೆ ಅರ್ಥವಿದೆ.

ಇಷ್ಟೆಲ್ಲ ಮಾಡಿಯೂ ಬಲಗಡೆಯದು ಏಳಲಿಲ್ಲ ಎಂದರೆ? ತಾಂತ್ರಿಕವಾಗಿ ಆಗಲೂ ದಾರಿ ಮುಚ್ಚಿರುವುದಿಲ್ಲ. ಚಿಪ್ ತಯಾರಾಗುವಾಗಲೇ ಅದರೊಳಗೆ ಅಚ್ಚಾದ, ಯಾರೂ ಅಳಿಸಲಾಗದ ಒಂದು ಪುಟ್ಟ ಪ್ರೋಗ್ರಾಮ್ ಇರುತ್ತದೆ; ಬೂಟ್ ರಾಮ್ ಎನ್ನುತ್ತಾರೆ. ಫ್ಲ್ಯಾಶ್ ಪೂರ್ತಿ ಹಾಳಾದರೂ ಅದು ಏಳುತ್ತದೆ, ವೈರಿನ ಮೂಲಕ ಯಾರಾದರೂ ಹೊಸ ಫರ್ಮ್‌ವೇರ್ ಕೊಡುತ್ತಾರೆಯೇ ಎಂದು ಕೇಳಬಲ್ಲದು. ಕಾರ್ಖಾನೆಯಲ್ಲಿ ಮೊದಲ ಸಲ ಪ್ರೋಗ್ರಾಮ್ ತುಂಬಲು ಇಂಥದೊಂದು ಬಾಗಿಲು ಬೇಕೇ ಬೇಕಲ್ಲ!

ಆ ಬಾಗಿಲನ್ನು ಗ್ರಾಹಕರಿಗೇ ತೆರೆದಿಟ್ಟ ಒಂದು ಬಡ್ ಇದೆ: ಪೈನ್64 ಸಂಸ್ಥೆ 2022ರಲ್ಲಿ ತಂದ ಪೈನ್‌ಬಡ್ಸ್ ಪ್ರೊ. ಅದರೊಳಗಿರುವುದು ಚೀನಾದ ಬೆಸ್‌ಟೆಕ್ನಿಕ್ ಕಂಪನಿಯ ಚಿಪ್, 4 ಮೆಗಾಬೈಟ್ ಫ್ಲ್ಯಾಶ್. ಡಬ್ಬಿಯನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಹಚ್ಚಿದರೆ ಲಿನಕ್ಸ್‌ನಲ್ಲಿ ಎರಡು ಸೀರಿಯಲ್ ಪೋರ್ಟ್‌ಗಳು ಕಾಣುತ್ತವೆ, ಒಂದೊಂದು ಬಡ್‌ಗೆ ಒಂದೊಂದು. ಚಾರ್ಜ್ ಆಗುವ ಲೋಹದ ಬಿಂದುಗಳಲ್ಲೇ ಮಾಹಿತಿಯೂ ಹರಿಯುತ್ತದೆ. ಸ್ವಯಂಸೇವಕರು ಬರೆದ bestool ಎಂಬ ತಂತ್ರಾಂಶಕ್ಕೆ ಹೀಗೆ ಆದೇಶ ಕೊಡಬೇಕು:

```
bestool write-image open_source.bin --port /dev/ttyACM0
```

ಆದೇಶ ಕೊಟ್ಟ ಮೇಲೆ ಅದು ಕಾಯುತ್ತಾ ಕೂರುತ್ತದೆ. ಬಡ್ಡನ್ನು ಡಬ್ಬಿಯಿಂದ ಎತ್ತಿ ಮತ್ತೆ ಇಟ್ಟಾಗ ಚಿಪ್ ಹೊಸದಾಗಿ ಏಳುತ್ತದೆ, ಏಳುವ ಆ ಕ್ಷಣದಲ್ಲಿ ಬೂಟ್ ರಾಮ್ ಜೊತೆ ಮಾತು ಕುದುರುತ್ತದೆ, ಫ್ಲ್ಯಾಶ್ ಬರೆಯುವ ಕೆಲಸ ಶುರು. ಮತ್ತೆ ಎರಡನೆಯ ಬಡ್‌ಗೆ ttyACM1. ಇದಕ್ಕೆ ಮುಂಚೆ ಎರಡರದೂ ಹಳೆಯ ಫ್ಲ್ಯಾಶ್‌ನ ಪ್ರತಿ ಬೇರೆ ಬೇರೆಯಾಗಿ ತೆಗೆದಿಟ್ಟುಕೊಳ್ಳುವುದು ಜಾಣತನ. ಇಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಯಾರೂ ಗಾಬರಿಯಾಗುವುದಿಲ್ಲ. ಮತ್ತೊಮ್ಮೆ ಎತ್ತಿ ಇಡುತ್ತಾರೆ, ಅಷ್ಟೆ.

ನಮ್ಮ ನಿಮ್ಮ ಕಿವಿಯಲ್ಲಿರುವ ಹೆಚ್ಚಿನ ಬಡ್‌ಗಳಿಗೂ ಇಂಥ ಬಾಗಿಲು ಒಂದಲ್ಲ ಒಂದು ರೂಪದಲ್ಲಿ ಇರುತ್ತದೆ, ಬೀಗದ ಕೈ ಮಾತ್ರ ಕಂಪನಿಯಲ್ಲಿ. ಸಹಿ ಮಾಡಿದ ಫರ್ಮ್‌ವೇರ್ ಕಡತ, ಬರೆಯುವ ತಂತ್ರಾಂಶ, ಹೊಂದುವ ಜಿಗ್, ಯಾವುದೂ ಹೊರಗೆ ಸಿಗುವುದಿಲ್ಲ. ಬೀದಿಯ ಮೊಬೈಲ್ ರಿಪೇರಿ ಅಂಗಡಿಯವರು ಬ್ಯಾಟರಿ ಬದಲಾಯಿಸಿಕೊಟ್ಟಾರು, ಇದು ಅವರ ಕೈಯಲ್ಲಿಲ್ಲ. ಅಂಟು ಹಾಕಿ ಮುಚ್ಚಿದ ಬಡ್ಡನ್ನು ಬಿಚ್ಚಿದರೆ ವಾರಂಟಿಯೂ ಹೋಗುತ್ತದೆ. ಯಾವುದೋ ತಾಣದಲ್ಲಿ ಸಿಕ್ಕ ಫರ್ಮ್‌ವೇರ್ ಕಡತ ತುರುಕಲು ಹೋಗುವುದೂ ಬೇಡ. ಒಂದೇ ಹೆಸರಿನ ಮಾಡೆಲ್ ಒಳಗೆ ಬೇರೆ ಬೇರೆ ಚಿಪ್ ಇರುವುದುಂಟು.

ಹಾಗಾಗಿ ಉಳಿಯುವುದು ಸರ್ವಿಸ್ ಸೆಂಟರ್. ಕಂಪನಿಯ ಅಧಿಕೃತ ಆ್ಯಪ್‌ನಿಂದ, ಕಂಪನಿ ಕಳಿಸಿದ ಅಪ್‌ಡೇಟ್ ಹಾಕುವಾಗ ಕೆಟ್ಟದ್ದನ್ನು ನಿಮ್ಮ ತಪ್ಪು ಎಂದು ತಳ್ಳಿಹಾಕಲು ಬಿಡಬೇಡಿ. ನಿಂತ ಪರದೆಯ ಸ್ಕ್ರೀನ್‌ಶಾಟ್, ಬಿಲ್ಲು, ಆ್ಯಪ್‌ನಲ್ಲಿ ಕಾಣುವ ಆವೃತ್ತಿ ಸಂಖ್ಯೆ ಇಟ್ಟುಕೊಳ್ಳಿ. ವಾರಂಟಿ ಇದ್ದೂ ಕೈಯಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಮತ್ತೆ, ಕೆಟ್ಟ ಒಂದನ್ನೇ ಜೇಬಿಗೆ ಹಾಕಿಕೊಂಡು ಹೋಗಬೇಡಿ. ಎರಡೂ ಬಡ್, ಡಬ್ಬಿ ಒಟ್ಟಿಗಿರಲಿ. ಬದಲಿಗೆ ಕೊಡುವ ಬಡ್‌ನಲ್ಲಿ ಬೇರೆ ಆವೃತ್ತಿಯ ಫರ್ಮ್‌ವೇರ್ ಇದ್ದರೆ ಅದೂ ನಿಮ್ಮ ಎಡಗಡೆಯದರ ಜೊತೆ ಮಾತಾಡದೆ ಕೂರಬಹುದು. ಎರಡೂ ಒಟ್ಟಿಗೆ ಹಾಡುವುದನ್ನು ಕೌಂಟರಿನಲ್ಲೇ ಕೇಳಿಸಿಕೊಂಡು ಹೊರಡಿ.