ನಿಮಗೇನಾದರೂ ಕೇಳುವುದಿದೆಯೇ?

ಇಂಟರ್‌ವ್ಯೂ ಮುಗಿಯುವ ಹೊತ್ತಿಗೆ ಎಲ್ಲ ಕಡೆಯೂ ಕೇಳಿಬರುವ ಮಾತು ಇದು. ಬಹಳ ಮಂದಿ "ಏನಿಲ್ಲ ಸರ್" ಎಂದು ಎದ್ದುಬಿಡುತ್ತಾರೆ. ಕೇಳುವವರೂ "ನಿಮ್ಮಲ್ಲಿ ವರ್ಕ್ ಕಲ್ಚರ್ ಹೇಗಿದೆ?" ಎಂದು ಕೇಳಿ, "ತುಂಬ ಚೆನ್ನಾಗಿದೆ, ನಾವೆಲ್ಲ ಒಂದೇ ಮನೆಯವರ ಹಾಗೆ" ಎಂಬ ಉತ್ತರ ಕೇಳಿಸಿಕೊಂಡು ಬರುತ್ತಾರೆ. ಸಂಬಳ, ಪಿಎಫ್, ರಜೆ, ನೋಟಿಸ್ ಪೀರಿಯಡ್ ಎಲ್ಲವೂ ಆಫರ್ ಲೆಟರ್‌ನಲ್ಲಿ ಇರುತ್ತವೆ. ಆದರೆ ನಾಳೆ ಯಾರ ಕೈಕೆಳಗೆ ಕೆಲಸ ಮಾಡಬೇಕು, ನಮ್ಮಿಂದ ತಪ್ಪಾದ ದಿನ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ 60 ಅಥವಾ 90 ದಿನಗಳ ನೋಟಿಸ್ ಸಾಮಾನ್ಯ. ಪ್ರೊಬೇಷನ್ ಮುಗಿದ ಮೇಲೆ "ಇಲ್ಲಿಗೆ ಬರಬಾರದಿತ್ತು" ಎಂದು ಅನ್ನಿಸಿದರೆ ಹೊರಬರುವುದಕ್ಕೇ ತಿಂಗಳುಗಳು ಬೇಕು. ಸೇರುವ ಮುಂಚೆ ಸಿಗುವ ಆ ಹತ್ತು ಹದಿನೈದು ನಿಮಿಷಗಳನ್ನು ಹೇಗೆ ಬಳಸಿಕೊಳ್ಳಬೇಕು?

ಒಂದೇ ಒಂದು ವಿಷಯ ತಿಳಿದುಕೊಳ್ಳಲು ಅವಕಾಶವಿದ್ದರೆ, ಆ ಟೀಮ್‌ನಲ್ಲಿ ತಪ್ಪುಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ತಿಳಿದುಕೊಳ್ಳಬೇಕು.

ತಪ್ಪು ಹೆಚ್ಚು ಕಂಡ ವಾರ್ಡ್‌ಗಳು

ಇದರ ಹಿಂದೆ ಒಂದು ಅಧ್ಯಯನವಿದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ಮುಖ್ಯಸ್ಥರಿದ್ದು, ಸಿಬ್ಬಂದಿ ಒಗ್ಗಟ್ಟಾಗಿರುವ ವಾರ್ಡ್‌ನಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಎಣಿಕೆ. ಲೆಕ್ಕ ಹಾಕಿದಾಗ ಸಿಕ್ಕಿದ್ದು ಅದಕ್ಕೆ ತದ್ವಿರುದ್ಧ: ಒಳ್ಳೆಯವು ಎನಿಸಿಕೊಂಡ ವಾರ್ಡ್‌ಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಾಗಿದ್ದವು. ಇನ್ನಷ್ಟು ಕೆದಕಿದಾಗ ಕಾರಣ ತಿಳಿಯಿತು. ಆ ವಾರ್ಡ್‌ಗಳಲ್ಲಿ ನರ್ಸ್‌ಗಳು ತಪ್ಪಾದ ಕೂಡಲೇ ಹೇಳಿಬಿಡುತ್ತಿದ್ದರು. ಉಳಿದ ಕಡೆ ಬೈಗುಳಕ್ಕೆ ಹೆದರಿ ಬಚ್ಚಿಡುತ್ತಿದ್ದರು. ಹೇಳಿದರೆ ಶಿಕ್ಷೆಯಾಗದು, ಅವಮಾನವಾಗದು ಎಂಬ ಈ ನಂಬಿಕೆಯನ್ನು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಟೀಮ್‌ನ ಮಾನಸಿಕ ಸುರಕ್ಷತೆ ಎಂದು ಕರೆದರು. ಮುಂದೆ ಗೂಗಲ್ ಕಂಪನಿ ತನ್ನದೇ ಟೀಮ್‌ಗಳಲ್ಲಿ ಯಾವುದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆ ಎಂದು ಹುಡುಕಿದಾಗಲೂ ಈ ಗುಣವೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡುಬಂತು.

ಕೆಲಸ ಹುಡುಕುವವರಿಗೆ ಇದರಲ್ಲೊಂದು ನೇರವಾದ ಪಾಠವಿದೆ. "ನಮ್ಮ ಟೀಮ್‌ನಲ್ಲಿ ತೊಂದರೆಯೇ ಇಲ್ಲ" ಎನ್ನುವ ಮ್ಯಾನೇಜರ್ ಮಾತು ಕೇಳಿ ಸಮಾಧಾನಪಡಬಾರದು. ತೊಂದರೆಗಳು ಅವರ ಕಿವಿಗೆ ಬೀಳುತ್ತಲೇ ಇಲ್ಲದಿರಬಹುದು.

"ಹೋದ ಸಲ ಏನಾಯಿತು?"

ಹಾಗಂತ "ನಿಮ್ಮಲ್ಲಿ ತಪ್ಪು ಮಾಡಿದರೆ ಬೈಯುತ್ತೀರಾ?" ಎಂದು ಕೇಳಿ ಪ್ರಯೋಜನವಿಲ್ಲ. ಸ್ವಭಾವದ ಬಗ್ಗೆ ಕೇಳಿದರೆ ಯಾರೇ ಆದರೂ ತಮ್ಮ ಒಳ್ಳೆಯ ರೂಪವನ್ನೇ ತೋರಿಸುತ್ತಾರೆ. ನಡೆದುಹೋದ ಒಂದು ಘಟನೆಯ ಬಗ್ಗೆ ಕೇಳಬೇಕು. ಕಂಪನಿಗಳು ಅಭ್ಯರ್ಥಿಗಳ ಮೇಲೆ ಪ್ರಯೋಗಿಸುವುದೂ ಇದನ್ನೇ: "ಟೀಮ್‌ನಲ್ಲಿ ಜಗಳವಾದಾಗ ನೀವು ಏನು ಮಾಡಿದಿರಿ, ಒಂದು ಉದಾಹರಣೆ ಕೊಡಿ" ಎಂದು ಕೇಳುವುದಿಲ್ಲವೇ? ಅದೇ ಪ್ರಶ್ನೆಯನ್ನು ನಾವು ಆ ಕಡೆಗೆ ತಿರುಗಿಸಬಹುದು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಏಳು ವರ್ಷ ಅನುಭವವಿರುವ ಎಂಜಿನಿಯರ್ ಒಬ್ಬಳಿಗೆ ಬೆಂಗಳೂರಿನಲ್ಲೇ ಎರಡು ಆಫರ್ ಬಂದಿವೆ. ಮೊದಲನೆಯದರಲ್ಲಿ ವರ್ಷಕ್ಕೆ ಮೂರು ಲಕ್ಷ ಹೆಚ್ಚು. ಇಬ್ಬರು ಮ್ಯಾನೇಜರ್‌ಗಳಿಗೂ ಅವಳು ಕೇಳುವುದು ಒಂದೇ ಪ್ರಶ್ನೆ: "ಹೋದ ಸಲ ಪ್ರೊಡಕ್ಷನ್‌ನಲ್ಲಿ ದೊಡ್ಡದೊಂದು ತೊಂದರೆಯಾಗಿದ್ದು ಯಾವಾಗ ಸರ್? ಅದಾದ ಮೇಲೆ ಏನೇನು ನಡೆಯಿತು?"

ಮೊದಲನೆಯವರು ಹೇಳುತ್ತಾರೆ: "ನಮ್ಮಲ್ಲಿ ಅಂಥದ್ದೆಲ್ಲ ಆಗೋದೇ ಕಡಿಮೆ. ಪ್ರೊಸೆಸ್ ತುಂಬ ಸ್ಟ್ರಾಂಗ್." ಅವಳು ಮತ್ತೆ ಮೆಲ್ಲಗೆ ಕೇಳಿದಾಗ, "ಒಮ್ಮೆ ಒಬ್ಬ ಜೂನಿಯರ್ ಸರಿಯಾಗಿ ಟೆಸ್ಟ್ ಮಾಡದೆ ರಿಲೀಸ್ ಮಾಡಿಬಿಟ್ಟಿದ್ದ. ಕರೆದು ಸರಿಯಾಗಿ ಹೇಳಿದೆ. ಈಗ ಪ್ರತಿ ರಿಲೀಸ್‌ಗೂ ನನ್ನ ಅಪ್ರೂವಲ್ ಬೇಕು."

ಎರಡನೆಯವರ ಉತ್ತರ ಹೀಗಿದೆ: "ಎರಡು ತಿಂಗಳ ಹಿಂದೆ. ಶನಿವಾರ ರಾತ್ರಿ ಪೇಮೆಂಟ್ ಸರ್ವಿಸ್ ನಲವತ್ತು ನಿಮಿಷ ನಿಂತುಹೋಯಿತು. ಡೇಟಾಬೇಸ್ ಬದಲಾವಣೆಯೊಂದು ದೊಡ್ಡ ಟೇಬಲ್ ಅನ್ನು ಲಾಕ್ ಮಾಡಿಬಿಟ್ಟಿತ್ತು. ರಿಲೀಸ್ ಮಾಡಿದ ಹುಡುಗನೇ ಮೊದಲು ಗ್ರೂಪ್‌ನಲ್ಲಿ ಮೆಸೇಜ್ ಹಾಕಿದ, ಎಲ್ಲರೂ ಸೇರಿ ರೋಲ್‌ಬ್ಯಾಕ್ ಮಾಡಿದೆವು. ಸೋಮವಾರ ಕೂತು ನೋಡಿದರೆ, ನಮ್ಮ ಟೆಸ್ಟ್ ಡೇಟಾಬೇಸ್ ಎಷ್ಟು ಚಿಕ್ಕದೆಂದರೆ ಅದರಲ್ಲಿ ಈ ತೊಂದರೆ ಕಾಣಿಸುವಂತೆಯೇ ಇರಲಿಲ್ಲ. ಆ ಕೋಡ್ ರಿವ್ಯೂ ಮಾಡಿ ಓಕೆ ಅಂದಿದ್ದು ನಾನೇ. ಐದು ಕೆಲಸ ಪಟ್ಟಿ ಮಾಡಿಕೊಂಡೆವು. ಮೂರು ಮುಗಿದಿವೆ, ಎರಡಕ್ಕೆ ಇನ್ನೂ ಸಮಯ ಸಿಕ್ಕಿಲ್ಲ."

ಈ ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ತಪ್ಪಿಗೆ ಒಬ್ಬ ಮನುಷ್ಯ ಕಾರಣ, ಪರಿಹಾರ ಮ್ಯಾನೇಜರ್‌ನ ಹಿಡಿತ ಇನ್ನಷ್ಟು ಬಿಗಿಯಾಗುವುದು. ಮುಂದಿನ ಸಲ ತಪ್ಪು ಮಾಡಿದವನು ಅದನ್ನು ತಾನಾಗಿ ಹೇಳುವುದು ಅನುಮಾನ. ಎರಡನೆಯದರಲ್ಲಿ ದಿನ, ಹೊತ್ತು, ಕಾರಣ ಎಲ್ಲವೂ ಇವೆ. ತಪ್ಪು ಮಾಡಿದವನೇ ಮೊದಲು ಬಾಯಿಬಿಟ್ಟಿದ್ದಾನೆ. ಅವನಿಗೆ ಭಯವಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಮ್ಯಾನೇಜರ್ ತನ್ನ ಪಾಲನ್ನೂ ಸೇರಿಸಿ ಹೇಳಿದ್ದಾರೆ. ಮುಗಿಯದೆ ಉಳಿದ ಕೆಲಸವನ್ನೂ ಮುಚ್ಚಿಟ್ಟಿಲ್ಲ. ಸಾಫ್ಟ್‌ವೇರ್ ಲೋಕದಲ್ಲಿ ಹೀಗೆ ಯಾರನ್ನೂ ದೂರದೆ ಕೂತು ಘಟನೆಯನ್ನು ಬಿಡಿಸಿ ನೋಡುವುದಕ್ಕೆ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ. ಹೆಸರು ಎಲ್ಲ ಕಂಪನಿಗಳಲ್ಲೂ ಕೇಳಿಬರುತ್ತದೆ. ಅದನ್ನು ನಿಜಕ್ಕೂ ಮಾಡುತ್ತಾರೋ ಇಲ್ಲವೋ ಎಂಬುದು ಇಂಥ ವಿವರಗಳಿಂದಷ್ಟೇ ಗೊತ್ತಾಗುತ್ತದೆ.

ಅದೇ ಪ್ರಶ್ನೆ, ಇನ್ನೊಬ್ಬರಿಗೆ

ಚೆನ್ನಾಗಿ ಮಾತಾಡಬಲ್ಲ ಮ್ಯಾನೇಜರ್ ಇಂಥ ಕಥೆಯನ್ನು ಸಿದ್ಧವಾಗಿ ಇಟ್ಟುಕೊಂಡಿರಲೂಬಹುದು. ಆದ್ದರಿಂದ ಒಬ್ಬರ ಮಾತು ಸಾಲದು. ಆಫರ್ ಕೈಗೆ ಬಂದ ಮೇಲೆ, ಸಹಿ ಹಾಕುವ ಮುಂಚೆ, ಎಚ್‌ಆರ್‌ಗೆ ಹೀಗೆ ಕೇಳಬಹುದು: "ಟೀಮ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರ ಹತ್ತಿರ ಅರ್ಧ ಗಂಟೆ ಮಾತಾಡಬಹುದೇ?" ಇದಕ್ಕೆ ಸರಿಯಾದ ಸಮಯ ಇದೇ. ಇಂಟರ್‌ವ್ಯೂ ನಡೆಯುವಾಗ ನಮ್ಮನ್ನು ಅಳೆಯುತ್ತಿರುತ್ತಾರೆ. ಆಫರ್ ಬಂದ ಮೇಲೆ ನಾವು ಸೇರಲಿ ಎಂಬ ಆಸೆ ಅವರಿಗೂ ಇರುತ್ತದೆ. ಕಾರಣ ಹೇಳದೆ "ಅದೆಲ್ಲ ಆಗುವುದಿಲ್ಲ" ಎಂದುಬಿಟ್ಟರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮ್ಯಾನೇಜರ್ ಎದುರಿಗಿಲ್ಲದಾಗ ಅದೇ ಪ್ರಶ್ನೆಯನ್ನು ಕೇಳಬೇಕು. ನಮ್ಮ ಉದಾಹರಣೆಯಲ್ಲಿ, ಎರಡನೆಯ ಕಂಪನಿಯ ಸಹೋದ್ಯೋಗಿ ಅದೇ ಶನಿವಾರದ ಕಥೆಯನ್ನು ತನ್ನ ಮಾತಿನಲ್ಲಿ ಹೇಳುತ್ತಾನೆ. ಸಣ್ಣಪುಟ್ಟ ವ್ಯತ್ಯಾಸವಿದೆ, ಆದರೆ ಕಥೆ ಒಂದೇ. "ಉಳಿದ ಎರಡು ಕೆಲಸ ಯಾಕೆ ನಿಂತಿವೆ?" ಎಂದು ಕೇಳಿದಾಗ ಇನ್ನೊಂದು ವಿಷಯ ಹೊರಬರುತ್ತದೆ: "ಜನ ಸಾಲುತ್ತಿಲ್ಲ. ಮೂರು ವಾರಕ್ಕೊಮ್ಮೆ ಆನ್‌ಕಾಲ್ ಬರುತ್ತದೆ. ಆ ವಾರ ರಾತ್ರಿ ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಮಲಗಬೇಕು." ಮೊದಲನೆಯ ಕಂಪನಿಯ ಸಹೋದ್ಯೋಗಿ ಒಂದು ಕ್ಷಣ ತಡೆದು, "ಅದನ್ನು ಮ್ಯಾನೇಜರ್ ಹತ್ತಿರವೇ ಕೇಳಿದರೆ ಒಳ್ಳೆಯದು" ಎನ್ನುತ್ತಾನೆ. ಅಲ್ಲಿ ಸಾಮಾನ್ಯ ವಿಷಯ ಹೇಳುವುದಕ್ಕೂ ಅಪ್ಪಣೆ ಬೇಕು ಎಂಬ ಅನುಮಾನ ಇಲ್ಲಿ ಗಟ್ಟಿಯಾಗುತ್ತದೆ.

ಖಾಲಿಯಾದ ಕುರ್ಚಿ

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: "ಈ ಕೆಲಸ ಹೊಸದಾಗಿ ಹುಟ್ಟಿದ್ದೋ, ಯಾರಾದರೂ ಬಿಟ್ಟುಹೋದ ಜಾಗವೋ?" ಬಿಟ್ಟುಹೋಗಿದ್ದೇ ಕೆಟ್ಟ ಲಕ್ಷಣವೆಂದು ತಿಳಿಯಬಾರದು. ಮದುವೆ, ಊರು, ಓದು, ಹೆಚ್ಚಿನ ಸಂಬಳ ಎಂದು ಜನ ಕೆಲಸ ಬದಲಿಸುತ್ತಲೇ ಇರುತ್ತಾರೆ. ಗಮನಿಸಬೇಕಾದ್ದು ಹೋದವರ ಬಗ್ಗೆ ಮ್ಯಾನೇಜರ್ ಆಡುವ ಮಾತನ್ನು. "ಅವನಿಗೆ ಆರ್ಕಿಟೆಕ್ಟ್ ಆಗಬೇಕಿತ್ತು, ನಮ್ಮಲ್ಲಿ ಆ ಹುದ್ದೆ ಇರಲಿಲ್ಲ, ಈಗಲೂ ಸಿಗುತ್ತಿರುತ್ತೇವೆ" ಎಂದರೆ ಒಂದು ಬಗೆ. "ಅವನಿಗೆ ಪ್ರೆಷರ್ ತಡೆದುಕೊಳ್ಳೋಕೆ ಆಗಲಿಲ್ಲ" ಎಂದರೆ ಇನ್ನೊಂದು ಬಗೆ. ಇಲ್ಲದವನ ಬಗ್ಗೆ, ಅದೂ ಪರಿಚಯವೇ ಇಲ್ಲದ ಅಭ್ಯರ್ಥಿಯ ಮುಂದೆ ಹೀಗೆ ಮಾತಾಡುವವರು ನಾಳೆ ನಮ್ಮ ಬಗ್ಗೆಯೂ ಹಾಗೆಯೇ ಮಾತಾಡುತ್ತಾರೆ. ಒಂದೇ ಜಾಗಕ್ಕೆ ಎರಡು ವರ್ಷದಲ್ಲಿ ಮೂರನೆಯವರನ್ನು ಹುಡುಕುತ್ತಿದ್ದಾರೆಂದು ಗೊತ್ತಾದರೆ, ಲಿಂಕ್ಡ್‌ಇನ್‌ನಲ್ಲಿ ಅಲ್ಲಿಂದ ಹೋದವರೊಬ್ಬರನ್ನು ಹುಡುಕಿ ವಿನಯದಿಂದ ವಿಚಾರಿಸುವುದು ಒಳ್ಳೆಯದು. "ಮತ್ತೆ ಅದೇ ಮ್ಯಾನೇಜರ್ ಜೊತೆ ಕೆಲಸ ಮಾಡುತ್ತೀರಾ?" ಎಂಬ ಒಂದೇ ಪ್ರಶ್ನೆ ಸಾಕು.

ಎಲ್ಲಿಯವರೆಗೆ ನಂಬಬಹುದು?

ಇಷ್ಟೆಲ್ಲ ಕೇಳಿದರೂ ಕೆಲವು ಮಿತಿಗಳಿವೆ. ಟೀಮ್‌ಗಳನ್ನು ಬದಲಿಸುವಾಗ ನಾವು ನೋಡಿ ಒಪ್ಪಿಕೊಂಡ ಮ್ಯಾನೇಜರ್ ಆರು ತಿಂಗಳಲ್ಲಿ ಬೇರೆ ಕಡೆ ಹೋಗಬಹುದು. ಆದ್ದರಿಂದ ಸಾಧ್ಯವಾದರೆ ಮ್ಯಾನೇಜರ್‌ನ ಮೇಲಿನವರ ಹತ್ತಿರವೂ ಮಾತಾಡಬೇಕು. ಹೊಸದಾಗಿ ಮ್ಯಾನೇಜರ್ ಆದವರ ಬಳಿ ಹೇಳಲು ಘಟನೆಗಳೇ ಇಲ್ಲದಿರಬಹುದು. ಅವರಿಗೆ ಅವರದೇ ಹಿಂದಿನ ಮ್ಯಾನೇಜರ್ ತಪ್ಪಾದಾಗ ಏನು ಮಾಡುತ್ತಿದ್ದರು ಎಂದು ಕೇಳಬಹುದು. ಕ್ಯಾಂಪಸ್‌ನಿಂದ ನೇರವಾಗಿ ಸೇರುವವರಿಗೆ ಯಾವ ಟೀಮ್ ಎಂಬುದೇ ಸೇರಿದ ಮೇಲೆ ಗೊತ್ತಾಗುವುದರಿಂದ ಈ ದಾರಿ ಅವರಿಗೆ ಅಷ್ಟಾಗಿ ಒದಗುವುದಿಲ್ಲ. ಗುಟ್ಟಿನ ವಿವರಗಳನ್ನು ಹೊರಗೆ ಹೇಳಬಾರದೆಂಬ ನಿಯಮವಿರುವ ಕಂಪನಿಗಳೂ ಇವೆ. ಅಲ್ಲಿ ಗಿರಾಕಿಯ ಹೆಸರು, ಅಂಕಿಅಂಶ ಬಿಟ್ಟು ಟೀಮ್ ಏನು ಮಾಡಿತು ಎಂದಷ್ಟೇ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ.

ಕೇಳುವ ಧಾಟಿಯೂ ಮುಖ್ಯ. ಪಟ್ಟಿ ಹಿಡಿದು ವಿಚಾರಣೆ ನಡೆಸಿದರೆ ಎದುರಿನವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಎರಡೋ ಮೂರೋ ಪ್ರಶ್ನೆ ಸಾಕು. ಕೇಳಿದ ಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಬೇಕು. ಉತ್ತರ ತೇಲಿಕೆಯದಾಗಿದ್ದರೆ "ಆಮೇಲೆ ಏನಾಯಿತು ಸರ್?" ಎಂದು ಒಮ್ಮೆ ಕೇಳಿದರೆ ತಪ್ಪಿಲ್ಲ. ಮಾತುಕತೆ ಮುಗಿದ ದಿನವೇ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಬೇಕು. ವಾರ ಕಳೆದರೆ ಸಂಬಳದ ಅಂಕಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ಎಂಜಿನಿಯರ್ ಎದುರು ಈಗ ಎರಡು ಕಂಪನಿಗಳ ನಿಜವಾದ ಚಿತ್ರವಿದೆ. ಒಂದು ಕಡೆ ಮೂರು ಲಕ್ಷ ಹೆಚ್ಚು, ಜೊತೆಗೆ ತಪ್ಪು ಹೇಳಲು ಹೆದರುವ ಟೀಮ್. ಇನ್ನೊಂದು ಕಡೆ ನೇರವಾಗಿ ಮಾತಾಡುವ ಮ್ಯಾನೇಜರ್, ಜೊತೆಗೆ ಮೂರು ವಾರಕ್ಕೊಮ್ಮೆ ನಿದ್ದೆಗೆಡುವ ರಾತ್ರಿಗಳು. ಮನೆಯಲ್ಲಿ ಎಳೆಯ ಮಗುವಿದ್ದರೆ ಎರಡನೆಯದು ಅವಳಿಗೆ ಹೊಂದದಿರಬಹುದು. ಕೆಲಸ ಕಲಿಯುವ ಹಸಿವಿದ್ದರೆ ಅದೇ ಸರಿಯಾದ ಜಾಗವಾಗಬಹುದು. ಎರಡನೆಯ ಮ್ಯಾನೇಜರ್‌ಗೆ ಅವಳು ಸಹಿ ಹಾಕುವ ಮುಂಚೆಯೇ "ಆನ್‌ಕಾಲ್‌ಗೆ ಇನ್ನೂ ಇಬ್ಬರು ಯಾವಾಗ ಬರುತ್ತಾರೆ?" ಎಂದು ಕೇಳಬಹುದು. ಆ ಪ್ರಶ್ನೆಗೆ ಅವರು ತಿಂಗಳ ಹೆಸರು ಹೇಳಿ ಉತ್ತರಿಸಿದರೆ, ಸೇರಿದ ಮೇಲೆ ಅದನ್ನು ನೆನಪಿಸುವ ಹಕ್ಕು ಅವಳಿಗಿರುತ್ತದೆ.