ಸಿ ಪೋರ್ಟ್: ಆಕಾರ ಒಂದೇ, ಕಸುಬು ಬೇರೆ ಬೇರೆ

ಪಾಂಡವಪುರದ ಒಂದು ಚಿಕ್ಕ ಸ್ಟುಡಿಯೋದವರು ಬೆಳಿಗ್ಗೆ ತೊಣ್ಣೂರು ಕೆರೆಯ ಏರಿಯ ಮೇಲೆ, ಆಮೇಲೆ ನಂಬಿನಾರಾಯಣಸ್ವಾಮಿ ಗುಡಿಯ ಮುಂದೆ ಮದುವೆ ಜೋಡಿಯ ವಿಡಿಯೋ ತೆಗೆದರು ಎಂದಿಟ್ಟುಕೊಳ್ಳಿ. ಸಂಜೆಗೆ ಹುಡುಗಿಯ ಮನೆಯಲ್ಲಿ ಅವರಿಗೆ ಮೂರು ಕೆಲಸ ಇವೆ. ಎಸ್‌ಎಸ್‌ಡಿ ಡಿಸ್ಕಿನಲ್ಲಿರುವ 64 ಗಿಗಾಬೈಟ್ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು, ಅಷ್ಟರಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗಬೇಕು, ಕೊನೆಗೆ ಅದನ್ನು ಮನೆಯವರ ಟಿವಿಯಲ್ಲಿ ತೋರಿಸಬೇಕು. ಲ್ಯಾಪ್‌ಟಾಪಿನ ಎಡಕ್ಕೊಂದು, ಬಲಕ್ಕೊಂದು ಸಿ ಪೋರ್ಟ್ ಇದೆ. ನೋಡಲು ಎರಡೂ ಒಂದೇ ಅಚ್ಚು. ಎಡಗಡೆಯದರಲ್ಲಿ ಚಾರ್ಜರ್ ಚುಚ್ಚಿದರೆ ಬ್ಯಾಟರಿ ಏರುತ್ತದೆ, ಬಲಗಡೆಯದರಲ್ಲಿ ಏನೂ ಆಗುವುದಿಲ್ಲ. ಟಿವಿಯ ಅಡಾಪ್ಟರ್ ಹಾಕಿದರೂ ಹಾಗೆಯೇ. ಕೊಂಡ ದಿನ ಅಂಗಡಿಯವರು ಹೇಳಿದ್ದು ಮಾತ್ರ, “ಸಿ ಪೋರ್ಟ್ ಇದೆಯಲ್ಲಾ ಅಣ್ಣ, ಎಲ್ಲಾ ನಡೆಯುತ್ತೆ” ಎಂದು.

ಇಲ್ಲಿ ಯಾವುದೂ ಕೆಟ್ಟಿಲ್ಲ. ಯುಎಸ್‌ಬಿ-ಸಿ ಎಂಬುದು ತೂತಿನ ಆಕಾರಕ್ಕಿರುವ ಹೆಸರು. ಆ ತೂತು ಏನು ಕೆಲಸ ಮಾಡಬಲ್ಲದು ಎಂಬುದನ್ನು ಲ್ಯಾಪ್‌ಟಾಪ್ ಮಾಡಿದ ಕಂಪನಿ ಒಳಗೆ ಯಾವ ಚಿಪ್ ಕೂರಿಸಿದೆ, ಯಾವ ತಂತಿ ಎಳೆದಿದೆ ಎಂಬುದೇ ತೀರ್ಮಾನಿಸುತ್ತದೆ. ಏರಿಯಲ್ಲಿ ತೂಬು ಕಂಡ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ, ತೂಬಿನಿಂದ ಗದ್ದೆಯವರೆಗೆ ಕಾಲುವೆ ತೋಡಿರಬೇಕಲ್ಲವೆ? ಇದೂ ಹಾಗೆಯೇ.

ತೂತಿನ ಒಳಗೆ

2014ರಲ್ಲಿ ಹೊರಬಂದ ಈ ಪೋರ್ಟಿನಲ್ಲಿ ಮೇಲೆ 12, ಕೆಳಗೆ 12, ಒಟ್ಟು 24 ಪಿನ್‌ಗಳಿವೆ. ಎರಡೂ ಸಾಲು ಒಂದಕ್ಕೊಂದು ಹೊಂದುವಂತೆ ಇರುವುದರಿಂದ ಪ್ಲಗ್ಗನ್ನು ಹೇಗೆ ತಿರುಗಿಸಿ ಚುಚ್ಚಿದರೂ ನಡೆಯುತ್ತದೆ. ಈ ಪಿನ್‌ಗಳಲ್ಲಿ ನಮಗೆ ಬೇಕಾದ ಗುಂಪುಗಳು ನಾಲ್ಕು. ಎಂಟು ಪಿನ್ ವಿದ್ಯುತ್ತಿಗೆ. ನಾಲ್ಕು ಪಿನ್ ಹಳೆಯ ಯುಎಸ್‌ಬಿ 2.0 ಡೇಟಾಕ್ಕೆ. ಎಂಟು ಪಿನ್, ಅಂದರೆ ನಾಲ್ಕು ಜೋಡಿ, ಅತಿ ವೇಗದ ಸಾಗಣೆಗೆ. ಇನ್ನೆರಡು ಪಿನ್ ಮಾತುಕತೆಗೆ: ಎದುರಿಗೆ ಬಂದಿರುವುದು ಚಾರ್ಜರೋ ಡಿಸ್ಕೋ ಟಿವಿಯೋ, ಅದಕ್ಕೆ ಏನು ಬೇಕು, ಎಷ್ಟು ಕೊಡಬಹುದು ಎಂದು ಎರಡೂ ಕಡೆಯವು ಮೊದಲು ಇಲ್ಲೇ ವಿಚಾರಿಸಿಕೊಳ್ಳುತ್ತವೆ.

ಚಾರ್ಜಿಂಗ್, ಪರದೆ, ವೇಗದ ಡೇಟಾ ಈ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಸಾಮರ್ಥ್ಯಗಳು. ಒಂದು ಇದೆ ಎಂದರೆ ಇನ್ನೊಂದು ಇದೆ ಎಂದು ಅರ್ಥವಲ್ಲ. ಆದ್ದರಿಂದ ಪ್ರತಿ ಪೋರ್ಟಿಗೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು.

ಮೊದಲ ಪ್ರಶ್ನೆ: ಚಾರ್ಜ್ ಆಗುತ್ತದೆಯೇ?

ಲ್ಯಾಪ್‌ಟಾಪ್ ಚಾರ್ಜ್ ಆಗಬೇಕಾದರೆ ಪೋರ್ಟಿಗೆ ‘ಪವರ್ ಡೆಲಿವರಿ’ ಎಂಬ ಪದ್ಧತಿಯಲ್ಲಿ ಹೊರಗಿನಿಂದ ವಿದ್ಯುತ್ ತೆಗೆದುಕೊಳ್ಳುವ ಶಕ್ತಿ ಇರಬೇಕು. ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ಮಾತುಕತೆ ಕುದುರಿದ ಮೇಲೆ 9, 15, 20 ವೋಲ್ಟ್‌ಗೆ ಏರುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬಯಸುವುದು 20 ವೋಲ್ಟ್. ಹಾಗಾಗಿ ಚಾರ್ಜರಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ‘20V 3.25A’ ಎಂದಿದ್ದರೆ ಎರಡನ್ನೂ ಗುಣಿಸಿದಾಗ 65 ವಾಟ್ ಸಿಗುತ್ತದೆ. ಸಾಮಾನ್ಯ ಕೆಲಸದ ತೆಳು ಲ್ಯಾಪ್‌ಟಾಪಿಗೆ ಅಷ್ಟು ಸಾಕು.

ಮೊಬೈಲಿನ ಜೊತೆ ಬಂದ ಚಾರ್ಜರ್ ಮೇಲೆ 67, 80 ಎಂದು ದೊಡ್ಡ ಅಂಕಿ ಇದ್ದರೂ ಮೋಸಹೋಗಬಾರದು. ಹಲವು ಮೊಬೈಲ್ ಕಂಪನಿಗಳು ಆ ವೇಗವನ್ನು ತಮ್ಮದೇ ಪದ್ಧತಿಯಲ್ಲಿ, ತಮ್ಮ ಫೋನಿಗೆ ಮಾತ್ರ ಕೊಡುತ್ತವೆ. ಲ್ಯಾಪ್‌ಟಾಪ್ ಕೇಳಿದಾಗ ಅದೇ ಚಾರ್ಜರ್ ತುಂಬ ಕಡಿಮೆ ಕೊಡಬಹುದು. ಲೇಬಲ್ಲಿನಲ್ಲಿ 20V ಎಂಬ ಸಾಲೇ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿಗೆ ಆಗಿಬರುವುದು ಅನುಮಾನ. ಇನ್ನು ಭಾರಿ ಗ್ರಾಫಿಕ್ಸ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ ದುಂಡು ಅಥವಾ ಚಪ್ಪಟೆ ಪಿನ್ನಿನ ದೊಡ್ಡ ಚಾರ್ಜರೇ ಬೇರೆ ಇರುತ್ತದೆ. ಅವುಗಳ ಸಿ ಪೋರ್ಟ್ ಚಾರ್ಜ್ ತೆಗೆದುಕೊಂಡರೂ, ವಿಡಿಯೋ ಎಡಿಟ್ ಮಾಡುತ್ತಿರುವಾಗ ಚಾರ್ಜರ್ ಹಾಕಿದ್ದಂತೆಯೇ ಬ್ಯಾಟರಿ ಇಳಿಯುವುದುಂಟು.

ಕೇಬಲ್ಲಿಗೂ ಮಿತಿ ಇದೆ. ಸಾಮಾನ್ಯ ಸಿ ಕೇಬಲ್ 3 ಆಂಪಿಯರ್ ತಡೆಯುತ್ತದೆ, 20 ವೋಲ್ಟ್‌ಗೆ ಅದು 60 ವಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ತನ್ನ ಸಾಮರ್ಥ್ಯವನ್ನು ತಾನೇ ಹೇಳಿಕೊಳ್ಳುವ ಪುಟ್ಟ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು.

ಎರಡನೆಯದು: ಪರದೆ ಮೂಡುತ್ತದೆಯೇ?

ಸಿ ಪೋರ್ಟಿನಿಂದ ಟಿವಿಗೆ ಚಿತ್ರ ಹೋಗಬೇಕಾದರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಭಾಗದಿಂದ ಆ ಪೋರ್ಟಿಗೆ ತಂತಿ ಎಳೆದಿರಬೇಕು. ಈ ವ್ಯವಸ್ಥೆಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎನ್ನುತ್ತಾರೆ. ನಾಲ್ಕು ಅತಿ ವೇಗದ ಜೋಡಿಗಳಲ್ಲಿ ಎರಡನ್ನೋ ನಾಲ್ಕನ್ನೋ ಡೇಟಾದಿಂದ ಬಿಡಿಸಿ ಚಿತ್ರಕ್ಕೆ ಕೊಡುವುದೇ ಇದರ ಗುಟ್ಟು. ಪೇಟೆಯಲ್ಲಿ ಸಿಗುವ ಸಿ-ಎಚ್‌ಡಿಎಂಐ ಅಡಾಪ್ಟರ್‌ಗಳು ಸಾಮಾನ್ಯವಾಗಿ ಇದನ್ನೇ ನಂಬಿಕೊಂಡಿವೆ. ಪೋರ್ಟಿನಲ್ಲಿ ಆ ತಂತಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಅಡಾಪ್ಟರ್ ತಂದರೂ ಟಿವಿ ಕಪ್ಪಾಗಿಯೇ ಇರುತ್ತದೆ. ಡ್ರೈವರ್ ಹಾಕಿಯೋ ವಿಂಡೋಸ್ ಬದಲಿಸಿಯೋ ಅದನ್ನು ಸರಿಮಾಡಲಾಗದು. ವಿಂಡೋಸ್ ಕೆಲವೊಮ್ಮೆ `Display connection might be limited` ಎಂದು ಮೂಲೆಯಲ್ಲಿ ಸೂಚನೆ ಕೊಡುತ್ತದೆ. ಅದು ಕಂಡರೆ ಅಡಾಪ್ಟರನ್ನು ಅಂಗಡಿಗೆ ಹಿಂದಿರುಗಿಸುವ ಮೊದಲು ಇನ್ನೊಂದು ಪೋರ್ಟಿಗೆ ಹಾಕಿ ನೋಡಿ. ‘ಡಿಸ್‌ಪ್ಲೇಲಿಂಕ್’ ಚಿಪ್ ಇರುವ ಅಡಾಪ್ಟರ್‌ಗಳು ಮಾತ್ರ ಇದಕ್ಕೆ ಹೊರತು. ಅವು ಚಿತ್ರವನ್ನು ಸಾಮಾನ್ಯ ಡೇಟಾದಂತೆ ಸಾಗಿಸುತ್ತವೆ, ಬೆಲೆ ಹೆಚ್ಚು, ಡ್ರೈವರ್ ಹಾಕಲೇಬೇಕು.

ಜೋಡಿಗಳ ಹಂಚಿಕೆಯಿಂದ ಇನ್ನೊಂದು ತೊಡಕೂ ಬರುತ್ತದೆ. ಒಂದೇ ಪೋರ್ಟಿಗೆ ಹಬ್ ಸಿಕ್ಕಿಸಿ ಅದರಲ್ಲಿ ಟಿವಿಯನ್ನೂ ಡಿಸ್ಕನ್ನೂ ಜೋಡಿಸಿದಾಗ, ಎರಡು ಜೋಡಿ ಚಿತ್ರಕ್ಕೆ, ಎರಡು ಜೋಡಿ ಡೇಟಾಕ್ಕೆ ಹೋಗುತ್ತವೆ. ಹಳೆಯ ಅಥವಾ ಅಗ್ಗದ ಹಬ್‌ನಲ್ಲಿ ಆಗ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಮೂಡುತ್ತದೆ, ಮೌಸ್ ಬಾಣ ಎಳೆದಂತೆ ಕಾಣುತ್ತದೆ. ನಾಲ್ಕೂ ಜೋಡಿ ಚಿತ್ರಕ್ಕೆ ಹೋದರೆ 60 ಸಲ ಮೂಡುತ್ತದೆ, ಆದರೆ ಡಿಸ್ಕ್ ಯುಎಸ್‌ಬಿ 2.0 ವೇಗಕ್ಕೆ ಇಳಿಯುತ್ತದೆ.

ಮೂರನೆಯದು: ಡೇಟಾ ಎಷ್ಟು ವೇಗ?

ಸಿ ಪೋರ್ಟ್ ಎಂದರೆ ವೇಗ ಎಂಬ ನಂಬಿಕೆ ಇದೆ. ಯುಎಸ್‌ಬಿ 2.0 ತಂತಿ ಮಾತ್ರ ಇರುವ ಸಿ ಪೋರ್ಟೂ ಇರಬಹುದು, ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಅದರ ಮೇಲೆ 5, 10, 20, 40 ಗಿಗಾಬಿಟ್ ಎಂದು ಮೆಟ್ಟಿಲುಗಳಿವೆ. ಹೆಸರುಗಳು ಮಾತ್ರ ಗೋಜಲು. ಹಿಂದೆ USB 3.0 ಎನ್ನುತ್ತಿದ್ದದ್ದು ಆಮೇಲೆ USB 3.1 Gen 1 ಆಗಿ, ಕೊನೆಗೆ USB 3.2 Gen 1 ಆಯಿತು. ಮೂರೂ ಅದೇ 5 ಗಿಗಾಬಿಟ್. Gen 2 ಎಂದರೆ 10. ಆದ್ದರಿಂದ ಹೆಸರು ಬಿಟ್ಟು ಗಿಗಾಬಿಟ್ ಎಷ್ಟೆಂದು ಮಾತ್ರ ನೋಡುವುದು ಕ್ಷೇಮ.

ಸ್ಟುಡಿಯೋದವರ 64 ಗಿಗಾಬೈಟಿಗೆ ಲೆಕ್ಕ ಹಾಕೋಣ. 480 ಮೆಗಾಬಿಟ್ ಪೋರ್ಟಿನಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ ಸುಮಾರು 40 ಮೆಗಾಬೈಟ್, ಹಾಗಾಗಿ 27 ನಿಮಿಷ ಹಿಡಿಯುತ್ತದೆ. 5 ಗಿಗಾಬಿಟ್ ಪೋರ್ಟಿನಲ್ಲಿ ಸುಮಾರು 400 ಮೆಗಾಬೈಟ್, ಮೂರು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಅದೇ ವಿಡಿಯೋವನ್ನು ಡಿಸ್ಕಿನ ಬದಲು ಸೆಕೆಂಡಿಗೆ 90 ಮೆಗಾಬೈಟ್ ಓದುವ ಕ್ಯಾಮೆರಾ ಕಾರ್ಡಿನಿಂದ ಇಳಿಸಿದರೆ ಯಾವ ವೇಗದ ಪೋರ್ಟಿದ್ದರೂ 12 ನಿಮಿಷ ಬೇಕೇಬೇಕು. ಡಿಸ್ಕ್, ಕೇಬಲ್, ಪೋರ್ಟ್ ಮೂರರಲ್ಲಿ ನಿಧಾನದ್ದು ಯಾವುದೋ ಒಟ್ಟು ವೇಗ ಅದರದ್ದೇ. ಹೆಚ್ಚಿನ ಸಲ ತಪ್ಪು ಕೇಬಲ್ಲಿನದು: ಮೊಬೈಲ್ ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹುಪಾಲಿನವಕ್ಕೆ ಅತಿ ವೇಗದ ಜೋಡಿಗಳೇ ಇರುವುದಿಲ್ಲ. 100 ವಾಟ್ ಹೊರುವ ದಪ್ಪ ಕೇಬಲ್ ಕೂಡ ಡೇಟಾಕ್ಕೆ 480 ಮೆಗಾಬಿಟ್ ಆಗಿರಬಹುದು. ಕಾಪಿ ಮಾಡುವಾಗ ವಿಂಡೋಸ್ ತೋರಿಸುವ ವೇಗ 40ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಡಿಸ್ಕಿನ ಜೊತೆ ಬಂದ ಕೇಬಲ್ಲನ್ನೇ ಹಾಕಿ ನೋಡಿ.

ಲಿನಕ್ಸ್ ಇದ್ದವರು ಡಿಸ್ಕ್ ಸಿಕ್ಕಿಸಿ ಟರ್ಮಿನಲ್ಲಿನಲ್ಲಿ ಹೀಗೆ ಕೇಳಬಹುದು:

```
lsusb -t
```

ಡಿಸ್ಕಿನ ಸಾಲಿನ ಕೊನೆಗೆ `480M` ಎಂದಿದ್ದರೆ ಹಳೆಯ ವೇಗ, `5000M` ಅಥವಾ `10000M` ಎಂದಿದ್ದರೆ ಹೊಸದು.

ತಿಳಿಯುವುದು ಹೇಗೆ?

ಪೋರ್ಟಿನ ಪಕ್ಕದ ಗುರುತು ಮೊದಲ ಸುಳಿವು. ಕೆಳತುದಿಯಲ್ಲಿ ಬಾಣದ ಮೊನೆ ಇರುವ ಮಿಂಚು ಥಂಡರ್‌ಬೋಲ್ಟ್ ಪೋರ್ಟಿನದು. ಅದರಲ್ಲಿ ಪರದೆಯೂ ವೇಗವೂ ಎರಡೂ ಇರುತ್ತವೆ. ಥಂಡರ್‌ಬೋಲ್ಟ್ 4 ಆದರೆ 40 ಗಿಗಾಬಿಟ್ ಖಚಿತ. D ಮತ್ತು P ಒಂದರೊಳಗೊಂದು ಬೆಸೆದ ಗುರುತು ಪರದೆಗೆ. 5, 10, 20, 40 ಎಂಬ ಅಂಕಿ ವೇಗಕ್ಕೆ. ಬ್ಯಾಟರಿ ಚಿತ್ರ ಕಂಡಾಗ ಎಚ್ಚರ: ಕೆಲವು ಕಂಪನಿಗಳಲ್ಲಿ ಅದರ ಅರ್ಥ, ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಈ ಪೋರ್ಟ್ ನಿಮ್ಮ ಮೊಬೈಲಿಗೆ ವಿದ್ಯುತ್ ಕೊಡುತ್ತದೆ ಎಂದು. ಲ್ಯಾಪ್‌ಟಾಪ್ ತಾನು ಚಾರ್ಜ್ ಆಗುತ್ತದೆ ಎಂದಲ್ಲ. ಗುರುತೇ ಇಲ್ಲದ ಪೋರ್ಟುಗಳೂ ಬೇಕಾದಷ್ಟಿವೆ.

ಭರವಸೆಯ ದಾರಿ ಕಂಪನಿಯ ಜಾಲತಾಣದಲ್ಲಿರುವ ಮಾದರಿಯ ವಿವರಪಟ್ಟಿ. ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಚೀಟಿ ಸವೆದಿದ್ದರೆ ವಿಂಡೋಸ್‌ನಲ್ಲಿ `msinfo32` ತೆರೆದು `System Model` ಸಾಲು ನೋಡಿ. ಹೆಸರಿನಲ್ಲಿ ಒಂದಕ್ಷರ ಬೇರೆಯಾದರೂ ಪೋರ್ಟ್ ಬೇರೆಯಾಗಬಹುದು, ಹಾಗಾಗಿ ಪೂರ್ತಿ ಸಂಖ್ಯೆಯನ್ನೇ ಹುಡುಕಬೇಕು. ಪಟ್ಟಿಯಲ್ಲಿ ಇಂಥ ಸಾಲುಗಳು ಸಿಗುತ್ತವೆ:

```
1x USB-C 3.2 Gen 1 (data transfer only)
1x USB-C 3.2 Gen 2 (data transfer, Power Delivery, DisplayPort 1.4)
```

ಮೊದಲನೆಯದು 5 ಗಿಗಾಬಿಟ್ ಡೇಟಾ ಮಾತ್ರ, ಚಾರ್ಜೂ ಇಲ್ಲ, ಪರದೆಯೂ ಇಲ್ಲ. ನಮ್ಮ ಸ್ಟುಡಿಯೋದವರ ಬಲಗಡೆ ಪೋರ್ಟ್ ಇಂಥದ್ದು. ಎರಡನೆಯದು ಮೂರೂ ಮಾಡುವ ಎಡಗಡೆಯದು. ಅವರ ಸಂಜೆಯ ಕೆಲಸಕ್ಕೆ ಸರಿಯಾದ ಜೋಡಣೆಯೂ ಇದರಿಂದಲೇ ಹೊರಡುತ್ತದೆ: ಚಾರ್ಜರ್ ತೂರಿಸಲು ಜಾಗವಿರುವ ಹಬ್ ಎಡಕ್ಕೆ, ಅದರಲ್ಲೇ ಟಿವಿ, ಡಿಸ್ಕ್ ಬಲಕ್ಕೆ. ಪಟ್ಟಿಯಲ್ಲಿ ಯಾವ ಸಾಲು ಯಾವ ಬದಿಯದೆಂದು ಬರೆದಿಲ್ಲದಿದ್ದರೆ ಚಾರ್ಜರನ್ನು ಎರಡಕ್ಕೂ ಒಂದೊಂದು ಸಲ ಹಾಕಿ ನೋಡಿದರಾಯಿತು. ಪದ್ಧತಿ ಪಾಲಿಸುವ ಚಾರ್ಜರ್ ಒಪ್ಪಿಗೆ ಸಿಗದೆ 5 ವೋಲ್ಟ್ ದಾಟುವುದಿಲ್ಲ, ಆದ್ದರಿಂದ ಹಾನಿಯ ಭಯವಿಲ್ಲ.

ಭಾರತೀಯ ಮಾನಕ ಸಂಸ್ಥೆ 2023ರ ಜನವರಿಯಲ್ಲಿ ಸಿ ಪೋರ್ಟಿಗೆ ಮಾನದಂಡ ಪ್ರಕಟಿಸಿತು. ಐರೋಪ್ಯ ಒಕ್ಕೂಟ ಲ್ಯಾಪ್‌ಟಾಪ್‌ಗಳಿಗೂ ಸಿ ಚಾರ್ಜಿಂಗ್ ಕಡ್ಡಾಯಗೊಳಿಸಲು 2026ರ ಏಪ್ರಿಲ್ 28ನ್ನು ಗೊತ್ತುಮಾಡಿತು. ಆ ಕಾಯಿದೆಯ ಕಾಳಜಿ ಚಾರ್ಜಿಂಗ್ ಮಾತ್ರ. ಲ್ಯಾಪ್‌ಟಾಪಿನ ಪ್ರತಿ ಸಿ ಪೋರ್ಟೂ ಚಾರ್ಜ್ ಆಗಬೇಕೆಂದು ಅದು ಹೇಳುವುದಿಲ್ಲ, ಪರದೆ ಮತ್ತು ವೇಗದ ಗೋಜಿಗೂ ಹೋಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಕೊಳ್ಳುವಾಗ “ಸಿ ಪೋರ್ಟ್ ಇದೆಯಾ?” ಎಂದು ಕೇಳಿ ಸುಮ್ಮನಾಗಬೇಡಿ. ವಿವರಪಟ್ಟಿ ತೆಗೆಸಿ, ಪ್ರತಿ ಪೋರ್ಟಿನ ಮುಂದೆ Power Delivery, DisplayPort ಎಂಬ ಪದಗಳೂ ಗಿಗಾಬಿಟ್ ಅಂಕಿಯೂ ಇವೆಯೇ ಎಂದು ನೋಡಿ, ಆಮೇಲೆ ದುಡ್ಡು ಕೊಡಿ.